ಕೈಯಲ್ಲಿಲ್ಲ, ಕಿವಿಯಲ್ಲಿದೆ: ಫೋನ್, ಚಾಲಕ ಮತ್ತು ಕಾನೂನಿನ ಗೆರೆ

“ಸಾರ್, ಕೈಯಲ್ಲಿ ಎಲ್ಲಿ ಹಿಡ್ಕೊಂಡಿದ್ದೀನಿ? ಬ್ಲೂಟೂತ್‌ನಲ್ಲಿ ಮಾತಾಡ್ತಿದ್ದೆ ಅಷ್ಟೇ.”

“ಮಾತಾಡ್ತಿದ್ರಿ ತಾನೇ? ಗಾಡಿ ಸೈಡಿಗೆ ಹಾಕಿ, ಡಿಎಲ್ ಕೊಡಿ.”

ಬೆಂಗಳೂರಿನ ಯಾವ ಸಿಗ್ನಲ್‌ನಲ್ಲಾದರೂ ಕೇಳಿಬರುವ ಮಾತು ಇದು. ಚಾಲಕನಿಗೆ ತಾನು ತಪ್ಪು ಮಾಡಿಲ್ಲವೆಂಬ ನಂಬಿಕೆ, ಪೊಲೀಸರಿಗೆ ಆತ ತಪ್ಪಿತಸ್ಥನೆಂಬ ಖಾತ್ರಿ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಕಾನೂನಿನ ಪುಸ್ತಕ ತೆರೆದು ನೋಡಿದರೆ ದಂಡದ ವಿಷಯದಲ್ಲಿ ಚಾಲಕನ ವಾದಕ್ಕೇ ಹೆಚ್ಚು ಬಲ. ಅಪಾಯದ ವಿಷಯಕ್ಕೆ ಬಂದರೆ ಪೊಲೀಸರು ಹೇಳುವುದೇ ಸರಿ. ಕಾನೂನು ಗೆರೆ ಎಳೆದಿರುವುದು ಕೈಯ ಹತ್ತಿರ. ಅಪಘಾತ ಹುಟ್ಟುವುದು ತಲೆಯೊಳಗೆ. ಈ ಎರಡರ ನಡುವಿನ ಜಾಗದಲ್ಲೇ ‘ಹ್ಯಾಂಡ್ಸ್‌ಫ್ರೀ ಆದರೆ ಪರವಾಗಿಲ್ಲ’ ಎಂಬ ನಂಬಿಕೆ ಬೆಳೆದುನಿಂತಿದೆ.

ಮೊದಲು ಕಾನೂನನ್ನೇ ನೋಡೋಣ. ಮೋಟಾರು ವಾಹನ ಕಾಯ್ದೆ 1988ರದು. ಅದರ 184ನೇ ಕಲಂ ಅಪಾಯಕಾರಿ ಚಾಲನೆಗೆ ಸಂಬಂಧಿಸಿದ್ದು. 2019ರ ತಿದ್ದುಪಡಿಗೆ ಮುಂಚೆ ಆ ಕಲಂನಲ್ಲಿ ಫೋನಿನ ಹೆಸರೇ ಇರಲಿಲ್ಲ. ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕೇರಳದ ಪ್ರಕರಣವೊಂದು ಸಾಕ್ಷಿ. ಅಲ್ಲಿನ ಪೊಲೀಸರು ಕಾರು ಓಡಿಸುತ್ತಾ ಫೋನಿನಲ್ಲಿ ಮಾತಾಡಿದವರ ಮೇಲೆ ಕೇರಳ ಪೊಲೀಸ್ ಕಾಯ್ದೆಯ 118(ಇ) ಕಲಂ ಹಾಕುತ್ತಿದ್ದರು. ಸಾರ್ವಜನಿಕರಿಗೆ ಗೊತ್ತಿದ್ದೂ ಅಪಾಯ ತರುವವರಿಗೆ ಶಿಕ್ಷೆ ಕೊಡುವ ಕಲಂ ಅದು. 2018ರ ಮೇ ತಿಂಗಳಲ್ಲಿ ಕೇರಳ ಹೈಕೋರ್ಟಿನ ವಿಭಾಗೀಯ ಪೀಠ ಇದನ್ನು ಒಪ್ಪಲಿಲ್ಲ. ಗಾಡಿ ಓಡಿಸುತ್ತಾ ಫೋನಿನಲ್ಲಿ ಮಾತಾಡಿದ ಮಾತ್ರಕ್ಕೆ ಜನರಿಗೆ ಅಪಾಯ ತಂದಂತೆ ಎಂದು ಊಹಿಸಲು ಆ ಕಾಯ್ದೆಯಲ್ಲಿ ಅವಕಾಶವಿಲ್ಲ, ಅಪರಾಧ ಎನ್ನಬೇಕಾದರೆ ಕಾನೂನು ಹಾಗೆಂದು ಹೇಳಿರಬೇಕು ಎಂಬುದು ತೀರ್ಪಿನ ತಿರುಳು. ‘ಫೋನಿನಲ್ಲಿ ಮಾತಾಡುತ್ತಾ ಗಾಡಿ ಓಡಿಸಬಹುದು ಎಂದು ಹೈಕೋರ್ಟ್ ಹೇಳಿದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ್ದು ಆಗಲೇ. ಆ ತೀರ್ಪಿನ ನೆಲೆ ಮರುವರ್ಷವೇ ಬದಲಾಯಿತು. ಆದರೆ ಸಂದೇಶ ಮಾತ್ರ ಇಂದಿಗೂ ಯಾರದೋ ಗುಂಪಿನಿಂದ ಇನ್ಯಾರದೋ ಗುಂಪಿಗೆ ದಾಟುತ್ತಲೇ ಇದೆ.

ತಿದ್ದುಪಡಿ ಜಾರಿಗೆ ಬಂದದ್ದು 2019ರ ಸೆಪ್ಟೆಂಬರ್ 1ರಂದು. ಯಾವುದನ್ನು ಅಪಾಯಕಾರಿ ಚಾಲನೆ ಎನ್ನಬೇಕು ಎಂಬುದಕ್ಕೆ 184ನೇ ಕಲಂನಲ್ಲಿ ಆರು ಉದಾಹರಣೆಗಳು ಸೇರಿದವು. ಕೆಂಪು ದೀಪ ದಾಟುವುದು, ಎದುರು ದಿಕ್ಕಿನಲ್ಲಿ ನುಗ್ಗುವುದು ಮುಂತಾದವುಗಳ ಸಾಲಿನಲ್ಲಿ ‘ಸಿ’ ಎಂಬ ಉಪಕಲಂ ಫೋನಿನದು. ಅದು ಹೇಳುವುದು ಇಷ್ಟೇ: ವಾಹನ ಓಡಿಸುವಾಗ ಕೈಯಲ್ಲಿ ಹಿಡಿಯುವ ಸಂವಹನ ಸಾಧನ ಬಳಸುವುದು. ಮಾತಾಡುವುದು ಎಂದಿಲ್ಲ, ಬಳಸುವುದು ಎಂದಿದೆ. ಹಾಗಾಗಿ ಫೋನ್ ಕೈಯಲ್ಲಿ ಹಿಡಿದು ಮೆಸೇಜ್ ಓದಿದರೂ, ಹಾಡು ಬದಲಿಸಿದರೂ, ವಿಡಿಯೊ ತೆಗೆದರೂ ಅದು ಬಳಕೆಯೇ. ‘ನಾನು ಮಾತಾಡ್ತಿರಲಿಲ್ಲ, ಟೈಮ್ ನೋಡ್ತಿದ್ದೆ’ ಎಂಬ ಸಮಜಾಯಿಷಿಗೆ ಇಲ್ಲಿ ಜಾಗವಿಲ್ಲ.

ಈ ಪದದ ಆಯ್ಕೆ ಸಣ್ಣ ವಿಷಯವಲ್ಲ. ಇಂಗ್ಲೆಂಡಿನ ಹಳೆಯ ಕಾನೂನು ಫೋನಿನ ಮೂಲಕ ಸಂವಹನ ನಡೆಸುವುದನ್ನಷ್ಟೇ ಹೆಸರಿಸಿತ್ತು. 2019ರಲ್ಲಿ ರಸ್ತೆಬದಿಯ ಅಪಘಾತವೊಂದನ್ನು ಗಾಡಿ ಓಡಿಸುತ್ತಲೇ ಫೋನಿನಲ್ಲಿ ಚಿತ್ರೀಕರಿಸಿದ ಚಾಲಕನೊಬ್ಬ, ‘ನಾನು ಯಾರೊಂದಿಗೂ ಸಂವಹನ ನಡೆಸುತ್ತಿರಲಿಲ್ಲ’ ಎಂದು ವಾದಿಸಿ ಗೆದ್ದ. ಆ ಕಂಡಿಯನ್ನು ಮುಚ್ಚಿ ಹೊಸ ನಿಯಮ ತರುವ ಹೊತ್ತಿಗೆ 2022ರ ಮಾರ್ಚ್ ಬಂದಿತ್ತು. ನಮ್ಮ ಕಾಯ್ದೆಯಲ್ಲಿ ಆ ಕಂಡಿ ಇಲ್ಲ.

ಶಿಕ್ಷೆಯೂ ಜನ ಅಂದುಕೊಂಡಷ್ಟು ಹಗುರವಲ್ಲ. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆ, ಅಥವಾ 1,000ದಿಂದ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೂರು ವರ್ಷದೊಳಗೆ ಅದೇ ತಪ್ಪು ಮತ್ತೆ ಮಾಡಿದರೆ ಸೆರೆವಾಸ ಎರಡು ವರ್ಷದವರೆಗೆ ಹೋಗಬಹುದು, ದಂಡ 10,000 ರೂಪಾಯಿ. ರಸ್ತೆಯಲ್ಲಿ ಯಾರಿಗೂ ಜೈಲು ಆಗುವುದು ಕಾಣದಿರುವುದಕ್ಕೆ ಕಾರಣ 200ನೇ ಕಲಂ. ರಾಜ್ಯ ಸರ್ಕಾರ ಗೊತ್ತುಮಾಡಿದ ಮೊತ್ತ ಕಟ್ಟಿಸಿಕೊಂಡು, ಕೋರ್ಟಿಗೆ ಹೋಗದೆ ಕೇಸು ರಾಜಿ ಮಾಡಲು ಅದು ಅವಕಾಶ ಕೊಡುತ್ತದೆ. ಅಪಾಯಕಾರಿ ಚಾಲನೆಯ ಇಡೀ 184ನೇ ಕಲಂನಲ್ಲಿ ಈ ರಿಯಾಯಿತಿ ಇರುವುದು ಕೈಯಲ್ಲಿ ಫೋನ್ ಹಿಡಿದದ್ದಕ್ಕೆ ಮಾತ್ರ. ಚಲನ್ ಕಟ್ಟಿ ಬಂದವರು ‘ಅಲ್ಲಿಗೆ ಮುಗೀತು’ ಎಂದುಕೊಳ್ಳುವುದು ಇದರಿಂದಲೇ.

ಆದರೆ ಅಲ್ಲಿಗೆ ಮುಗಿಯುವುದಿಲ್ಲ. ದಂಡ ಕಟ್ಟಿ ರಾಜಿಯಾದರೂ ಡ್ರೈವಿಂಗ್ ಲೈಸೆನ್ಸಿನ ಮೇಲಿನ ಕ್ರಮದಿಂದ ಬಿಡುಗಡೆ ಇಲ್ಲ ಎಂದು ಅದೇ 200ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. 206ನೇ ಕಲಂನ ಪ್ರಕಾರ ಪೊಲೀಸ್ ಅಧಿಕಾರಿ ಡಿಎಲ್ ವಶಪಡಿಸಿಕೊಂಡು ಆರ್‌ಟಿಒಗೆ ಕಳಿಸಬೇಕು. ಅಲ್ಲಿ ಚಾಲಕನ ಮಾತು ಕೇಳಿ, ಮೊದಲ ತಪ್ಪಾದರೆ ಮೂರು ತಿಂಗಳು ಲೈಸೆನ್ಸ್ ಅಮಾನತು ಮಾಡಬಹುದು, ಎರಡನೆಯದಾದರೆ ರದ್ದನ್ನೇ ಮಾಡಬಹುದು. ಸುಪ್ರೀಂ ಕೋರ್ಟ್ ನೇಮಿಸಿದ್ದ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಇಂಥದ್ದೇ ಸೂಚನೆ ಕೊಟ್ಟಿತ್ತು: ಕುಡಿದು ಓಡಿಸುವವರು, ಸಿಗ್ನಲ್ ಹಾರಿಸುವವರು, ಫೋನ್ ಬಳಸುವವರು ಸಿಕ್ಕರೆ ಲೈಸೆನ್ಸ್ ಕನಿಷ್ಠ ಮೂರು ತಿಂಗಳು ತಡೆಹಿಡಿಯಿರಿ ಎಂದು. ಟ್ಯಾಕ್ಸಿ, ಆಟೊ, ಲಾರಿ ಓಡಿಸಿ ಬದುಕುವವರಿಗೆ ದಂಡಕ್ಕಿಂತ ಈ ಮೂರು ತಿಂಗಳೇ ದೊಡ್ಡ ಹೊಡೆತ. ದಂಡವೆಂದರೆ ಒಂದು ದಿನದ ದುಡಿಮೆ ಹೋದೀತು. ಲೈಸೆನ್ಸ್ ಹೋದರೆ ಕಾಲು ವರ್ಷದ ಕೆಲಸವೇ ಹೋಯಿತು.

ಸಾಧನ ಕೈಯಲ್ಲಿದ್ದರೆ ತಪ್ಪು, ಸರಿ. ಹಾಗಾದರೆ ಡ್ಯಾಶ್‌ಬೋರ್ಡಿನ ಸ್ಟ್ಯಾಂಡಿನಲ್ಲಿ ಸಿಕ್ಕಿಸಿಟ್ಟ ಫೋನಿನ ಕಥೆ ಏನು? ಇದಕ್ಕೆ ಉತ್ತರ 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯಲ್ಲಿದೆ. ಇಂಥ ಸಾಧನವನ್ನು ಚಾಲನೆಯ ವೇಳೆ ದಾರಿ ನೋಡಿಕೊಳ್ಳುವುದಕ್ಕೆ ಮಾತ್ರ ಬಳಸಬಹುದು, ಅದೂ ಚಾಲಕನ ಏಕಾಗ್ರತೆ ಕದಡದ ರೀತಿಯಲ್ಲಿ ಎಂದು ಅದು ಹೇಳುತ್ತದೆ. ಈ ವಾಕ್ಯದಲ್ಲಿ ಎರಡು ಷರತ್ತುಗಳಿವೆ, ಜನ ನೆನಪಿಟ್ಟುಕೊಂಡಿರುವುದು ಮೊದಲನೆಯದನ್ನು ಮಾತ್ರ. ಹೊರಡುವ ಮೊದಲೇ ಊರಿನ ಹೆಸರು ಹಾಕಿ, ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ‘ಮುಂದೆ ಎಡಕ್ಕೆ ತಿರುಗಿ’ ಎಂಬ ದನಿ ಕೇಳುತ್ತಾ ಹೋಗುವವರು ಈ ನಿಯಮದೊಳಗೆ ಇದ್ದಾರೆ. ದಾರಿ ತಪ್ಪಿತೆಂದು ಓಡುವ ಗಾಡಿಯಲ್ಲೇ ಎರಡು ಬೆರಳಲ್ಲಿ ನಕ್ಷೆ ದೊಡ್ಡದು ಮಾಡುವವರು ಎರಡನೆಯ ಷರತ್ತನ್ನು ಮುರಿದಿದ್ದಾರೆ. ತೊಡೆಯ ಮೇಲೆ ಫೋನಿಟ್ಟು ಬಗ್ಗಿ ಬಗ್ಗಿ ನೋಡುವವರ ವಿಷಯ ಹೇಳುವುದೇ ಬೇಡ.

ಸಿಗ್ನಲ್‌ನಲ್ಲಿ ನಿಂತಾಗ? ಚಾಲನೆ ಎಂದರೆ ಚಕ್ರ ತಿರುಗುತ್ತಿರಬೇಕು ಎಂದು ಕಾಯ್ದೆ ಎಲ್ಲೂ ಹೇಳಿಲ್ಲ. ಎಂಜಿನ್ ಚಾಲೂ ಇದ್ದು, ಸಂಚಾರದ ಸಾಲಿನಲ್ಲಿ ನಿಂತು, ದೀಪ ಹಸಿರಾದ ಕೂಡಲೇ ಹೊರಡಬೇಕಾದವನು ಚಾಲಕನೇ ಎಂದು ಪೊಲೀಸರು ಪರಿಗಣಿಸುತ್ತಾರೆ, ಅದು ಸರಿಯಾಗಿಯೂ ಇದೆ. ದೀಪ ಹಸಿರಾದ ಮೇಲೂ ಪರದೆಯಲ್ಲೇ ಮುಳುಗಿ, ಹಿಂದಿನವರ ಹಾರ್ನ್ ಕೇಳಿ ಗಡಿಬಿಡಿಯಲ್ಲಿ ಗಾಡಿ ಮುನ್ನುಗ್ಗಿಸುವವರನ್ನು ನಾವೆಲ್ಲ ನೋಡಿದ್ದೇವೆ. ಆ ಕ್ಷಣದಲ್ಲೇ ಅವರ ಮುಂದೆ ಅಜ್ಜಿಯೊಬ್ಬರು ರಸ್ತೆ ದಾಟುತ್ತಿರುತ್ತಾರೆ. ಮಾತಾಡಲೇಬೇಕಿದ್ದರೆ ರಸ್ತೆಯ ಅಂಚಿಗೆ, ನಿಲ್ಲಿಸಲು ಅವಕಾಶವಿರುವ ಕಡೆ ಗಾಡಿ ಹಾಕಿ ಎಂಜಿನ್ ಆರಿಸುವುದೊಂದೇ ಯಾವ ವಾದಕ್ಕೂ ಎಡೆ ಕೊಡದ ದಾರಿ.

ದ್ವಿಚಕ್ರ ವಾಹನದವರಲ್ಲಿ ಇನ್ನೊಂದು ಪದ್ಧತಿ ಬೇರೂರಿದೆ: ಫೋನನ್ನು ಹೆಲ್ಮೆಟ್ಟಿಗೂ ಕೆನ್ನೆಗೂ ನಡುವೆ ತುರುಕುವುದು. ‘ಎರಡೂ ಕೈ ಹ್ಯಾಂಡಲ್ ಮೇಲಿದೆ’ ಎನ್ನುವುದು ಅವರ ಸಮರ್ಥನೆ. ಫೋನ್ ಕೈಯಲ್ಲಿ ಹಿಡಿಯುವ ಸಾಧನವೇ ಹೊರತು ಹೆಲ್ಮೆಟ್ಟಿನಲ್ಲಿ ಸಿಕ್ಕಿಸುವ ಸಾಧನವಲ್ಲ. ಎಲ್ಲಿ ಸಿಕ್ಕಿಸಿದರೂ ಅದರ ಜಾತಿ ಬದಲಾಗುವುದಿಲ್ಲ ಎಂದು ಪೊಲೀಸರು ಇದಕ್ಕೂ ಚಲನ್ ಹಾಕುತ್ತಾರೆ. ಅದಕ್ಕಿಂತ ಮುಖ್ಯವಾದ ಮಾತು ಹೆಲ್ಮೆಟ್ಟಿನದು. 129ನೇ ಕಲಂನ ಪ್ರಕಾರ ಹೆಲ್ಮೆಟ್ ತಲೆಯ ಮೇಲಿದ್ದರೆ ಸಾಲದು, ಪಟ್ಟಿ ಬಿಗಿದು ಭದ್ರವಾಗಿ ಕೂತಿರಬೇಕು. ಅದಿಲ್ಲದಿದ್ದರೆ 194ಡಿ ಕಲಂನಲ್ಲಿ 1,000 ರೂಪಾಯಿ ದಂಡ, ಮೂರು ತಿಂಗಳು ಲೈಸೆನ್ಸ್ ಅಮಾನತು. ಫೋನ್ ತುರುಕಲು ಜಾಗ ಮಾಡಿಕೊಟ್ಟ ಹೆಲ್ಮೆಟ್ ಒಂದೋ ಸಡಿಲವಾಗಿದೆ, ಇಲ್ಲವೇ ಒಂದು ಬದಿಗೆ ವಾಲಿದೆ. ಬಿದ್ದಾಗ ಅದು ತಲೆಯಿಂದ ಕಳಚಿಹೋಗುವ ಸಾಧ್ಯತೆ ಹೆಚ್ಚು. ಕಳಚದೆ ಉಳಿದರೂ ಆ ಗಟ್ಟಿ ಸಾಧನ ಕಪೋಲದ ಮೂಳೆಗೇ ಒತ್ತಿಕೊಂಡಿರುತ್ತದೆ.

ಇನ್ನು ಅಪ್ಪಟ ಹ್ಯಾಂಡ್ಸ್‌ಫ್ರೀ: ಕಾರಿನ ಸ್ಟೀರಿಂಗ್ ಮೇಲಿನ ಗುಂಡಿ ಒತ್ತಿ ಬ್ಲೂಟೂತ್‌ನಲ್ಲಿ ಮಾತಾಡುವುದು. ಇದಕ್ಕೆ ದಂಡವಿದೆಯೇ ಎಂಬ ಪ್ರಶ್ನೆ ಲೋಕಸಭೆಯಲ್ಲೂ ಬಂದಿತ್ತು. ಕಾಯ್ದೆ ಶಿಕ್ಷಿಸುವುದು ಕೈಯಲ್ಲಿ ಹಿಡಿದ ಸಾಧನದ ಬಳಕೆಯನ್ನು, ಹ್ಯಾಂಡ್ಸ್‌ಫ್ರೀಗೆ ಅದರಲ್ಲಿ ದಂಡವಿಲ್ಲ ಎಂಬುದೇ ಕೇಂದ್ರ ಸಾರಿಗೆ ಸಚಿವಾಲಯ ಕೊಟ್ಟ ಉತ್ತರ. ಕೆಲವು ನಗರಗಳಲ್ಲಿ ಪೊಲೀಸರು ಬ್ಲೂಟೂತ್‌ಗೂ ಇಯರ್‌ಫೋನಿಗೂ ದಂಡ ಹಾಕಿದ್ದುಂಟು, ಅದರ ಮೇಲೆ ಜಗಳಗಳೂ ಆಗಿವೆ. ‘ಸಿ’ ಉಪಕಲಂ ಒಂದನ್ನೇ ಇಟ್ಟುಕೊಂಡು ವಾದಿಸಿದರೆ ಚಾಲಕನ ಕೈ ಮೇಲಾಗುತ್ತದೆ, ನಿಜ. ಆದರೆ ಅದೇ ಪಟ್ಟಿಯ ಕೊನೆಯಲ್ಲಿ ‘ಎಫ್’ ಎಂಬ ಇನ್ನೊಂದು ಉಪಕಲಂ ಕೂತಿದೆ: ಸಮರ್ಥ, ಎಚ್ಚರದ ಚಾಲಕನಿಂದ ನಿರೀಕ್ಷಿಸುವ ಮಟ್ಟಕ್ಕಿಂತ ಬಹಳ ಕೆಳಗಿಳಿದು, ಅಂಥ ಚಾಲಕನ ಕಣ್ಣಿಗೆ ಅಪಾಯವೆಂದು ಸ್ಪಷ್ಟವಾಗಿ ಕಾಣುವ ರೀತಿಯಲ್ಲಿ ಓಡಿಸುವುದು. ಇಲ್ಲಿ ಕೈಯ ಮಾತೂ ಇಲ್ಲ, ಫೋನಿನ ಮಾತೂ ಇಲ್ಲ. ಹ್ಯಾಂಡ್ಸ್‌ಫ್ರೀಯಲ್ಲಿ ಮಾತಾಡುತ್ತಾ ಲೇನ್ ಬಿಟ್ಟು ವಾಲಿದವನನ್ನು, ಇಯರ್‌ಫೋನ್ ಹಾಕಿಕೊಂಡು ಆಂಬುಲೆನ್ಸಿನ ಸೈರನ್ನೇ ಕೇಳದವನನ್ನು ಹಿಡಿಯಲು ಈ ಉಪಕಲಂ ಸಾಕು. ಅಂದರೆ ಹ್ಯಾಂಡ್ಸ್‌ಫ್ರೀಗೆ ತಾನೇ ತಾನಾಗಿ ದಂಡವಿಲ್ಲ. ಆದರೆ ಅದನ್ನು ಬಳಸಬಹುದು ಎಂದು ಪರವಾನಗಿ ಕೊಟ್ಟ ವಾಕ್ಯವೂ ಈ ಕಲಂನಲ್ಲಿ ಇಲ್ಲ.

ಶಾಸಕರು ಗೆರೆಯನ್ನು ಕೈಯ ಬಳಿ ಎಳೆದಿರುವುದಕ್ಕೆ ಒಂದು ಪ್ರಾಯೋಗಿಕ ಕಾರಣವಿದೆ. ಕೈಯಲ್ಲಿರುವ ಫೋನ್ ಪೊಲೀಸರ ಕಣ್ಣಿಗೂ ಕ್ಯಾಮೆರಾಕ್ಕೂ ಕಾಣುತ್ತದೆ. ಚಾಲಕ ಬ್ಲೂಟೂತ್‌ನಲ್ಲಿ ಮಾತಾಡುತ್ತಿದ್ದಾನೋ, ಪಕ್ಕದಲ್ಲಿ ಕೂತವರ ಜೊತೆ ಮಾತಾಡುತ್ತಿದ್ದಾನೋ, ರೇಡಿಯೊ ಜೊತೆ ಹಾಡುತ್ತಿದ್ದಾನೋ ಹೊರಗಿನಿಂದ ಹೇಗೆ ತಿಳಿದೀತು? ಹಿಡಿಯಲು ಸಾಧ್ಯವಾದದ್ದನ್ನು ಕಾನೂನು ನಿಷೇಧಿಸಿದೆ. ನಿಷೇಧಿಸದೆ ಬಿಟ್ಟದ್ದು ಸುರಕ್ಷಿತ ಎಂದು ಕಾನೂನು ಹೇಳಿಲ್ಲ, ಅದು ನಾವೇ ಸೇರಿಸಿಕೊಂಡ ಅರ್ಥ.

ಆ ಅರ್ಥ ಎಷ್ಟು ತಪ್ಪು ಎಂಬುದು ಕಾಲು ಶತಮಾನದಿಂದ ಗೊತ್ತಿರುವ ಸಂಗತಿ. 1997ರಲ್ಲಿ ಕೆನಡಾದ ಟೊರಾಂಟೊದಲ್ಲಿ ರೆಡೆಲ್‌ಮೆಯರ್ ಮತ್ತು ಟಿಬ್ಶಿರಾನಿ ಎಂಬ ಇಬ್ಬರು ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಮೊಬೈಲ್ ಇದ್ದು ಅಪಘಾತಕ್ಕೆ ಸಿಕ್ಕ 699 ಚಾಲಕರ ಫೋನ್ ಬಿಲ್ಲುಗಳನ್ನು ತೆಗೆದುಕೊಂಡು, ಅಪಘಾತಕ್ಕೆ ಮುಂಚಿನ ಕೆಲವು ನಿಮಿಷಗಳಲ್ಲಿ ಕರೆ ನಡೆದಿತ್ತೇ ಎಂದು ನೋಡಿದರು. ಆಮೇಲೆ ಅದೇ ಮನುಷ್ಯ ಹಿಂದಿನ ದಿನ ಅದೇ ಹೊತ್ತಿನಲ್ಲಿ ಕರೆಯಲ್ಲಿದ್ದನೇ ಎಂದು ಹೋಲಿಸಿದರು. ಈ ಉಪಾಯದಿಂದ ಒಂದು ದೊಡ್ಡ ಗೊಂದಲ ತಪ್ಪಿತು: ಫೋನಿನಲ್ಲಿ ಮಾತಾಡುವವರು ಸ್ವಭಾವದಿಂದಲೇ ಅಜಾಗರೂಕರಿರಬಹುದಲ್ಲ ಎಂಬ ಆಕ್ಷೇಪ ಇಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಹೋಲಿಕೆ ಒಬ್ಬನೇ ಮನುಷ್ಯನ ಎರಡು ದಿನಗಳ ನಡುವೆ. ಕರೆಯ ವೇಳೆ ಅಪಘಾತದ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಎಂದು ಕಂಡುಬಂತು. ಹ್ಯಾಂಡ್ಸ್‌ಫ್ರೀ ಇದ್ದವರಿಗೆ ಅದರಿಂದ ಯಾವ ರಕ್ಷಣೆಯೂ ಸಿಕ್ಕಿರಲಿಲ್ಲ. ಎಂಟು ವರ್ಷದ ನಂತರ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಅಪಘಾತವಾಗಿ ಆಸ್ಪತ್ರೆಗೆ ಬಂದ 456 ಚಾಲಕರ ಮೇಲೆ ಇದೇ ಮಾದರಿಯ ಅಧ್ಯಯನ ನಡೆಯಿತು. ಅಲ್ಲೂ ಅದೇ ನಾಲ್ಕು ಪಟ್ಟು, ಅಲ್ಲೂ ಹ್ಯಾಂಡ್ಸ್‌ಫ್ರೀಯಿಂದ ವ್ಯತ್ಯಾಸವಿಲ್ಲ.

ಕೈ ಸ್ಟೀರಿಂಗ್ ಮೇಲಿದೆ, ಕಣ್ಣು ರಸ್ತೆಯ ಮೇಲಿದೆ. ಮತ್ತೆ ಎಡವುವುದು ಎಲ್ಲಿ? ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು ಇದನ್ನೇ ಬೆನ್ನುಹತ್ತಿದರು. ಕಾರಿನಂತೆಯೇ ಇರುವ ಯಂತ್ರದಲ್ಲಿ ಜನರನ್ನು ಕೂರಿಸಿ, ಪರದೆಯ ಮೇಲಿನ ರಸ್ತೆಯಲ್ಲಿ ಓಡಿಸಲು ಹೇಳಿ, ಅವರ ಕಣ್ಣುಗುಡ್ಡೆ ಎತ್ತ ತಿರುಗುತ್ತದೆ ಎಂದು ಉಪಕರಣದಿಂದ ಅಳೆದರು. ರಸ್ತೆಬದಿಯಲ್ಲಿ ಜಾಹೀರಾತು ಫಲಕಗಳಿದ್ದವು. ಓಡಿಸಿ ಮುಗಿದ ಮೇಲೆ ‘ಇವುಗಳಲ್ಲಿ ಯಾವ ಫಲಕ ನೋಡಿದಿರಿ’ ಎಂದು ಕೇಳಿದರೆ, ಹ್ಯಾಂಡ್ಸ್‌ಫ್ರೀಯಲ್ಲಿ ಮಾತಾಡುತ್ತಿದ್ದವರು ತಾವು ನೇರವಾಗಿ ದೃಷ್ಟಿ ನೆಟ್ಟಿದ್ದ ಫಲಕಗಳನ್ನೇ ಗುರುತಿಸಲಾರದೆ ಹೋದರು. ಕಣ್ಣು ಅದರ ಮೇಲೆ ನಿಂತಿತ್ತು ಎಂಬುದಕ್ಕೆ ಉಪಕರಣವೇ ಸಾಕ್ಷಿ. ನೋಡಿದ್ದು ಒಳಗೆ ಇಳಿದಿರಲಿಲ್ಲ. ಅಪಘಾತ ಮಾಡಿದವರು ಪೊಲೀಸ್ ಠಾಣೆಯಲ್ಲಿ ‘ದೇವರಾಣೆಗೂ ನನಗೆ ಕಾಣಲೇ ಇಲ್ಲ ಸಾರ್’ ಎನ್ನುವಾಗ ಎಷ್ಟೋ ಸಲ ಅವರು ಸುಳ್ಳು ಹೇಳುತ್ತಿರುವುದಿಲ್ಲ.

ಇಲ್ಲಿ ಒಂದು ಒಳ್ಳೆಯ ಆಕ್ಷೇಪ ಬರುತ್ತದೆ. ಪಕ್ಕದಲ್ಲಿ ಕೂತ ಹೆಂಡತಿಯೊಂದಿಗೋ ಗೆಳೆಯನೊಂದಿಗೋ ಮಾತಾಡಿದರೆ ತಪ್ಪಿಲ್ಲ, ಅದೇ ಮಾತು ಫೋನಿನಲ್ಲಾದರೆ ಹೇಗೆ ಅಪಾಯ? ಯೂಟಾದ ತಂಡವೇ 2008ರಲ್ಲಿ ಇದನ್ನೂ ಪರೀಕ್ಷಿಸಿತು. ಹೆದ್ದಾರಿಯಲ್ಲಿ ಸುಮಾರು 13 ಕಿಲೋಮೀಟರ್ ಹೋಗಿ, ಮುಂದೆ ಸಿಗುವ ವಿಶ್ರಾಂತಿ ತಾಣಕ್ಕೆ ಗಾಡಿ ತಿರುಗಿಸಬೇಕು. ಕೆಲವರ ಗೆಳೆಯ ಪಕ್ಕದ ಸೀಟಿನಲ್ಲಿ, ಇನ್ನು ಕೆಲವರ ಗೆಳೆಯ ಹ್ಯಾಂಡ್ಸ್‌ಫ್ರೀ ಫೋನಿನಲ್ಲಿ. ಫೋನಿನಲ್ಲಿ ಮಾತಾಡುತ್ತಿದ್ದವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ತಿರುವನ್ನು ದಾಟಿ ಮುಂದೆ ಹೋಗಿಬಿಟ್ಟರು. ಪಕ್ಕದಲ್ಲಿ ಗೆಳೆಯನಿದ್ದವರು ಬಹುಪಾಲು ಸರಿಯಾಗಿ ತಿರುಗಿದರು. ಮಾತುಕತೆಯ ದಾಖಲೆ ಬಿಡಿಸಿ ನೋಡಿದಾಗ ಕಾರಣ ಹೊಳೆಯಿತು: ಪಕ್ಕದಲ್ಲಿ ಕೂತವನಿಗೆ ರಸ್ತೆ ಕಾಣುತ್ತದೆ. ಸಂಚಾರ ದಟ್ಟವಾದಾಗ ಅವನ ಮಾತು ತಾನೇ ಸರಳವಾಗುತ್ತದೆ, ‘ಆ ಲಾರಿ ನೋಡು’ ಎಂದು ಮಾತೇ ರಸ್ತೆಯ ಕಡೆ ಹೊರಳುತ್ತದೆ. ಫೋನಿನ ಆಚೆಗಿರುವವರಿಗೆ ಲಾರಿಯೂ ಕಾಣದು, ತಿರುವೂ ಕಾಣದು. ಚಾಲಕ ಒಂದು ಕ್ಷಣ ಸುಮ್ಮನಾದರೆ ‘ಹಲೋ, ಕೇಳಿಸ್ತಿದೆಯಾ?’ ಎಂದು ಮತ್ತೆ ಎಳೆಯುತ್ತಾರೆ. ಎರಡು ದೋಣಿಯಲ್ಲಿ ಕಾಲಿಟ್ಟಂತೆ ಚಾಲಕ ಅತ್ತ ಇತ್ತ ತೂಗಾಡಬೇಕಾಗುತ್ತದೆ.

ನ್ಯಾಯವಾಗಿ ಇನ್ನೊಂದು ಕಡೆಯನ್ನೂ ಹೇಳಬೇಕು. ಅಮೆರಿಕದಲ್ಲಿ ಸಾವಿರಾರು ಜನರ ಸ್ವಂತ ಕಾರುಗಳಲ್ಲಿ ಕ್ಯಾಮೆರಾ ಅಳವಡಿಸಿ ವರ್ಷಗಟ್ಟಲೆ ನೋಡಿದ ಅಧ್ಯಯನಗಳಿವೆ. ಫೋನ್ ಕೈಗೆತ್ತಿಕೊಂಡು ನಂಬರ್ ಒತ್ತುವಾಗ ಅಪಘಾತದ ಸಾಧ್ಯತೆ ಸುಮಾರು ಹನ್ನೆರಡು ಪಟ್ಟು ಏರುತ್ತದೆ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಬರೀ ಹ್ಯಾಂಡ್ಸ್‌ಫ್ರೀ ಮಾತಿನಿಂದ ಅಪಾಯ ಹಾಗೆ ಸ್ಪಷ್ಟವಾಗಿ ಏರಿದ್ದು ಈ ಬಗೆಯ ಕೆಲವು ಅಧ್ಯಯನಗಳಲ್ಲಿ ಕಾಣಲಿಲ್ಲ. ಹಾಗಾಗಿ ರಸ್ತೆಯಿಂದ ಕಣ್ಣು ಕೀಳುವುದೇ ಎಲ್ಲಕ್ಕಿಂತ ಕೆಟ್ಟದ್ದು ಎಂಬುದರಲ್ಲಿ ತಕರಾರಿಲ್ಲ, ಹ್ಯಾಂಡ್ಸ್‌ಫ್ರೀ ಮಾತು ಎಷ್ಟು ಕೆಟ್ಟದ್ದು ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿದೆ. ಮಾತಾಡುವ ಚಾಲಕರು ತಮಗರಿವಿಲ್ಲದೆ ವೇಗ ಇಳಿಸಿ, ಮುಂದಿನ ಗಾಡಿಯಿಂದ ದೂರ ಉಳಿದು ಕೊರತೆ ತುಂಬಿಕೊಳ್ಳುತ್ತಾರೆ ಎಂಬುದು ಒಂದು ವಿವರಣೆ. ಅಗಲ ಹೆದ್ದಾರಿಯಲ್ಲಿ ಅದು ನಡೆದೀತು. ನಮ್ಮ ಊರುಗಳಲ್ಲಿ ಬಿಟ್ಟ ಜಾಗಕ್ಕೆ ಅರೆಗಳಿಗೆಯಲ್ಲಿ ಒಂದು ಆಟೊ ನುಗ್ಗುತ್ತದೆ, ಅದರ ಹಿಂದೆ ಎರಡು ಸ್ಕೂಟರ್. ದನ, ನಾಯಿ, ಗುರುತಿಲ್ಲದ ರಸ್ತೆ ಉಬ್ಬು, ಎದುರಿನಿಂದ ಬರುವ ಟ್ರ್ಯಾಕ್ಟರ್ ಎಲ್ಲವೂ ಇರುವ ಕಡೆ ಆ ಸಮಾಧಾನವನ್ನು ನಾನು ನೆಚ್ಚಿಕೊಳ್ಳಲಾರೆ.

ಬಾಯಿಮಾತಿನ ಆಜ್ಞೆಯಿಂದ ಫೋನ್ ನಡೆಸುವುದೂ ಪುಕ್ಕಟೆಯಲ್ಲ. ಕಾರು ಕಂಪನಿಗಳ ಧ್ವನಿ ವ್ಯವಸ್ಥೆಗಳನ್ನು ಸ್ಟ್ರೇಯರ್ ತಂಡ 2015ರಲ್ಲಿ ಪರೀಕ್ಷಿಸಿದಾಗ, ಅವುಗಳಲ್ಲಿ ಅತ್ಯಂತ ಕಷ್ಟದ್ದನ್ನು ಬಳಸಿ ಮುಗಿಸಿದ ಮೇಲೂ 27 ಸೆಕೆಂಡಿನವರೆಗೆ ಚಾಲಕರ ಗಮನ ಪೂರ್ತಿ ಮರಳಿರಲಿಲ್ಲ. ಗಂಟೆಗೆ 40 ಕಿ.ಮೀ. ವೇಗದಲ್ಲಿ 27 ಸೆಕೆಂಡ್ ಎಂದರೆ 300 ಮೀಟರ್. ಫೋನಿಟ್ಟ ಮೇಲೂ ಒಂದು ಶಾಲೆ, ಒಂದು ಬಸ್ ನಿಲ್ದಾಣ, ಒಂದು ಅಡ್ಡರಸ್ತೆ ದಾಟಿಹೋಗಿರುತ್ತದೆ.

ಇವೆಲ್ಲ ನ್ಯಾಯಾಲಯದ ಮೆಟ್ಟಿಲು ಹತ್ತಿದಾಗ ಏನಾಗುತ್ತದೆ ಎಂದು ಒಂದು ಕಲ್ಪಿತ ಪ್ರಕರಣವನ್ನು ಹಿಡಿದು ನೋಡೋಣ. ತುಮಕೂರು, ಶಿರಾ ನಡುವಿನ ಹೆದ್ದಾರಿ, ಮುಸ್ಸಂಜೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಒಂದು ಕಾರು, ಅಂದರೆ ಸೆಕೆಂಡಿಗೆ 22 ಮೀಟರ್. ಚಾಲಕ ಆಫೀಸಿನವರ ಜೊತೆ ಬ್ಲೂಟೂತ್‌ನಲ್ಲಿ ಲೆಕ್ಕದ ಮಾತಾಡುತ್ತಿದ್ದಾನೆ. ವಿಭಜಕದ ನಡುವಿನ ಕಂಡಿಯಿಂದ ಒಬ್ಬ ವ್ಯಕ್ತಿ ರಸ್ತೆಗಿಳಿದಿದ್ದಾನೆ. ಎಚ್ಚರದಲ್ಲಿರುವ ಚಾಲಕ ಕಂಡು, ತಿಳಿದು, ಬ್ರೇಕಿಗೆ ಕಾಲಿಡಲು ಒಂದೂವರೆ ಸೆಕೆಂಡ್ ಹಿಡಿಯುತ್ತದೆ ಎಂದಿಟ್ಟುಕೊಂಡರೆ ಅಷ್ಟರಲ್ಲೇ 33 ಮೀಟರ್ ಕಳೆಯಿತು. ಮಾತಿನಿಂದ ಅರ್ಧ ಸೆಕೆಂಡ್ ತಡವಾದರೆ ಇನ್ನೂ 11 ಮೀಟರ್, ಅದೂ ಬ್ರೇಕ್ ಮುಟ್ಟದೆ ಪೂರ್ಣ ವೇಗದಲ್ಲಿ. ಪಾದಚಾರಿ ಸ್ಥಳದಲ್ಲೇ ಸತ್ತ.

ತನಿಖಾಧಿಕಾರಿ ಮೊದಲು ಕೇಳುವುದು ಚಾಲಕನ ಕರೆ ವಿವರಗಳ ದಾಖಲೆ, ಪೊಲೀಸರ ಬಾಯಲ್ಲಿ ಸಿಡಿಆರ್. ಟೆಲಿಕಾಂ ಕಂಪನಿ ಕೊಡುವ ಈ ದಾಖಲೆಯಲ್ಲಿ ಕರೆ ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಸೆಕೆಂಡ್ ನಡೆಯಿತು, ಯಾವ ಟವರ್‌ನಿಂದ ಹೋಯಿತು ಎಂಬುದು ಇರುತ್ತದೆ. ಅದು ಕೈಯಲ್ಲಿತ್ತೋ ಬ್ಲೂಟೂತ್‌ನಲ್ಲಿತ್ತೋ ಎಂಬುದು ಇರುವುದಿಲ್ಲ. ವಾಟ್ಸ್‌ಆ್ಯಪ್ ಕರೆಯಾದರೆ ಅದು ಕರೆಯಾಗಿ ಕಾಣುವುದೇ ಇಲ್ಲ, ಇಂಟರ್ನೆಟ್ ಬಳಕೆಯ ದಾಖಲೆಯನ್ನು ಬೇರೆಯಾಗಿ ತರಿಸಬೇಕು. ಇನ್ನೂ ಕಷ್ಟದ್ದು ಅಪಘಾತದ ನಿಖರ ಸಮಯ. 112ಕ್ಕೋ 108ಕ್ಕೋ ಬಂದ ಮೊದಲ ಕರೆಯ ಸಮಯ, ಟೋಲ್‌ನಲ್ಲೋ ಪೆಟ್ರೋಲ್ ಬಂಕ್‌ನಲ್ಲೋ ಸಿಕ್ಕ ಸಿಸಿಟಿವಿ ದೃಶ್ಯ ಎಲ್ಲವನ್ನೂ ಒಂದಕ್ಕೊಂದು ಹೊಂದಿಸಿ, ಆ ಕ್ಷಣದಲ್ಲಿ ಕರೆ ನಡೆಯುತ್ತಿತ್ತು ಎಂದು ತೋರಿಸಬೇಕು.

ಚಾಲಕನ ವಕೀಲರು ‘ನಮ್ಮ ಕಕ್ಷಿದಾರರು ಹ್ಯಾಂಡ್ಸ್‌ಫ್ರೀಯಲ್ಲಿದ್ದರು’ ಎನ್ನುತ್ತಾರೆ. ಅದು ಸಾಬೀತಾದರೆ ‘ಸಿ’ ಉಪಕಲಂ ಬಿದ್ದುಹೋಗಬಹುದು. ಆದರೆ ಅಷ್ಟೊತ್ತಿಗೆ ಕೇಸು ಆ ಉಪಕಲಂನ ಮೇಲೆ ನಿಂತಿರುವುದಿಲ್ಲ. ನಿರ್ಲಕ್ಷ್ಯದಿಂದ ಸಾವು ತಂದದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 106(1) ಕಲಂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಈ ಕಲಂನಲ್ಲಿ ಐದು ವರ್ಷದವರೆಗೆ ಸೆರೆ. ಹಳೆಯ ಐಪಿಸಿಯ 304ಎ ಕಲಂನಲ್ಲಿ ಇದ್ದದ್ದು ಎರಡೇ ವರ್ಷ. ಜೊತೆಗೆ ಅಜಾಗರೂಕ ಚಾಲನೆಯ 281ನೇ ಕಲಂ ಬೇರೆ. ಈ ಕಲಂಗಳಿಗೆ ಕೈಯ ಹಂಗಿಲ್ಲ. ಅಲ್ಲಿ ಕೇಳುವುದು ಒಂದೇ ಪ್ರಶ್ನೆ: ಈ ಸಾವಿಗೆ ಚಾಲಕನ ನಿರ್ಲಕ್ಷ್ಯ ಕಾರಣವೇ? ಕರೆ ನಡೆದಿತ್ತು ಎಂಬುದೊಂದೇ ಅದನ್ನು ಸಾಬೀತು ಮಾಡುವುದಿಲ್ಲ. ರಸ್ತೆಯ ಮೇಲೆ ಬ್ರೇಕಿನ ಗುರುತು ಇಲ್ಲದಿರುವುದು, ದೂರದಿಂದಲೇ ಮನುಷ್ಯ ಕಾಣುವಷ್ಟು ಬೆಳಕಿತ್ತೆಂಬ ಸಾಕ್ಷ್ಯ, ಜೊತೆಗೆ ಆ ಹೊತ್ತಿಗೆ ನಡೆಯುತ್ತಿದ್ದ ಕರೆ ಮೂರೂ ಸೇರಿದಾಗ ಚಿತ್ರ ಪೂರ್ತಿಯಾಗುತ್ತದೆ. ಅಲ್ಲಿ ಬ್ಲೂಟೂತ್ ಇತ್ತೆಂಬ ಸಮರ್ಥನೆಗೂ ‘ಗಮನ ಬೇರೆಲ್ಲೋ ಇತ್ತು’ ಎಂಬ ಒಪ್ಪಿಗೆಗೂ ಹೆಚ್ಚು ಅಂತರ ಉಳಿಯುವುದಿಲ್ಲ.

ಪರಿಹಾರದ ಕೇಸು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಬೇರೆಯಾಗಿ ನಡೆಯುತ್ತದೆ. ಅಲ್ಲಿ ಬೇಕಾಗುವ ಸಾಕ್ಷ್ಯದ ಮಟ್ಟ ಕ್ರಿಮಿನಲ್ ಕೋರ್ಟಿನಷ್ಟು ಕಠಿಣವಲ್ಲ. ಅಲ್ಲಿ ಫೋನ್ ಎರಡೂ ಕಡೆ ಇರಿಯುತ್ತದೆ. ಸತ್ತವನೋ ಗಾಯಗೊಂಡವನೋ ಬೈಕ್ ಓಡಿಸುತ್ತಾ ಫೋನಿನಲ್ಲಿದ್ದ ಎಂದು ವಿಮಾ ಕಂಪನಿ ತೋರಿಸಿದರೆ, ಅಪಘಾತದಲ್ಲಿ ಅವನ ಪಾಲೂ ಇದೆ ಎಂದು ನ್ಯಾಯಮಂಡಳಿ ಪರಿಹಾರದ ಒಂದು ಭಾಗವನ್ನು ಕಡಿತ ಮಾಡಬಹುದು. ಮನೆ ನಡೆಸುತ್ತಿದ್ದವನನ್ನು ಕಳೆದುಕೊಂಡ ಕುಟುಂಬಕ್ಕೆ ಆ ಭಾಗ ಸಣ್ಣದಲ್ಲ.

ಫೋನಿನಿಂದ ಆದ ಸಾವುಗಳ ಲೆಕ್ಕವನ್ನು ಕೇಂದ್ರ ಸಾರಿಗೆ ಸಚಿವಾಲಯ ಪ್ರತಿವರ್ಷ ಪ್ರಕಟಿಸುತ್ತದೆ. 2021ರ ವರದಿಯಲ್ಲಿ 1,040 ಸಾವು, 2022ರದರಲ್ಲಿ 3,395. ಒಂದೇ ವರ್ಷದಲ್ಲಿ ಜನ ಮೂರು ಪಟ್ಟು ಹೆಚ್ಚು ಫೋನ್ ಬಳಸಿರಲಾರರು. ಈ ಅಂಕಿ ಹುಟ್ಟುವುದು ಪೊಲೀಸರು ಸ್ಥಳದಲ್ಲಿ ತುಂಬುವ ನಮೂನೆಯಿಂದ. ಸಿಡಿಆರ್ ತರಿಸದಿದ್ದರೆ ಅದೇ ಸಾವು ‘ಅತಿವೇಗ’ ಎಂಬ ಕಾಲಂಗೆ ಹೋಗುತ್ತದೆ. ಹ್ಯಾಂಡ್ಸ್‌ಫ್ರೀ ಮಾತಿನ ಸಾವುಗಳಂತೂ ಕಣ್ಣಿಗೆ ಕಾಣುವ ಗುರುತನ್ನೇ ಉಳಿಸುವುದಿಲ್ಲ. ಕ್ಯಾಮೆರಾಗಳು ಬಂದ ಮೇಲೂ ಈ ಕೊರತೆ ಹಾಗೆಯೇ ಇದೆ. ಬೆಂಗಳೂರಿನ ಜಂಕ್ಷನ್‌ಗಳಲ್ಲಿ 2022ರ ಕೊನೆಯಿಂದ ಕೆಲಸ ಮಾಡುತ್ತಿರುವ ಕ್ಯಾಮೆರಾ ವ್ಯವಸ್ಥೆ ಕಿವಿಗೆ ಹಿಡಿದ ಫೋನನ್ನು ಗುರುತಿಸಿ ಮನೆಗೆ ನೋಟಿಸ್ ಕಳಿಸುತ್ತದೆ. ಅಂಥ ನೋಟಿಸ್ 15 ದಿನದೊಳಗೆ ಬರಬೇಕೆಂದು ಕೇಂದ್ರ ನಿಯಮವಿದೆ. ಬ್ಲೂಟೂತ್ ಕರೆಯನ್ನು ಹಿಡಿಯುವ ಕ್ಯಾಮೆರಾ ಎಲ್ಲೂ ಇಲ್ಲ.

ಈಗಿನ ಫೋನ್‌ಗಳಲ್ಲಿ ಗಾಡಿ ಚಲಿಸುತ್ತಿರುವುದನ್ನು ಗುರುತಿಸಿ ಕರೆ, ಸಂದೇಶಗಳನ್ನು ತಡೆದು, ‘ಡ್ರೈವ್ ಮಾಡುತ್ತಿದ್ದೇನೆ’ ಎಂದು ತಾನೇ ಉತ್ತರ ಕಳಿಸುವ ಸೌಲಭ್ಯವಿದೆ. ಒಮ್ಮೆ ಸೆಟ್ಟಿಂಗ್ಸ್‌ಗೆ ಹೋಗಿ ಹಾಕಿಕೊಂಡರೆ ಮತ್ತೆ ಮುಟ್ಟಬೇಕಿಲ್ಲ. ಇದನ್ನು ಎಲ್ಲರಿಗೂ ಹೇಳಬಹುದು, ಒಬ್ಬರನ್ನು ಬಿಟ್ಟು: ಊಟದ ಪೊಟ್ಟಣ ಹೊತ್ತು ಓಡುವ ಡೆಲಿವರಿ ಹುಡುಗ. ಅವನಿಗೆ ಆರ್ಡರ್ ಬರುವುದು ಫೋನಿನಲ್ಲಿ, ದಾರಿ ತೋರಿಸುವುದು ಫೋನು, ‘ಎಲ್ಲಿದ್ದೀರಿ, ಎಷ್ಟು ಹೊತ್ತು’ ಎಂದು ಗ್ರಾಹಕರು ಕರೆ ಮಾಡುವುದೂ ಅದಕ್ಕೇ. ಎತ್ತದಿದ್ದರೆ ರೇಟಿಂಗ್ ಇಳಿಯುವ ಭಯ, ನಿಂತು ಎತ್ತಿದರೆ ತಡವಾಗುವ ಭಯ. ಕ್ಯಾಬ್ ಚಾಲಕರದೂ ಇದೇ ಪಾಡು, ಆಫೀಸಿನ ಕಾರು ಓಡಿಸುವವರಿಗೆ ‘ಸಾಹೇಬ್ರು ಫೋನ್ ಮಾಡಿದ್ರೆ ಎತ್ತಲೇಬೇಕು.’ 184ನೇ ಕಲಂ ಬೆರಳು ತೋರಿಸುವುದು ಫೋನ್ ಎತ್ತಿದವನ ಕಡೆ ಮಾತ್ರ. ಆತ ಓಡಿಸುತ್ತಿದ್ದಾನೆಂದು ಗೊತ್ತಿದ್ದೂ ಕರೆ ಮಾಡಿದ ಗ್ರಾಹಕ, ಧಣಿ ಅಥವಾ ಕಂಪನಿಯ ಬಗ್ಗೆ ಆ ಕಲಂನಲ್ಲಿ ಒಂದು ಅಕ್ಷರವೂ ಇಲ್ಲ. ಗಾಡಿ ಓಡುತ್ತಿರುವಾಗ ಸವಾರನಿಗೆ ಕರೆಯೇ ಹೋಗದಂತೆ, ಆರ್ಡರಿನ ಸದ್ದು ಅವನು ನಿಂತಾಗ ಮಾತ್ರ ಬರುವಂತೆ ಆ್ಯಪ್ ರೂಪಿಸುವುದು ಕಂಪನಿಗಳಿಗೆ ಕಷ್ಟದ ಕೆಲಸವಲ್ಲ, ಗಾಡಿ ಎಷ್ಟು ವೇಗದಲ್ಲಿ ಎಲ್ಲಿದೆ ಎಂಬುದು ಪ್ರತಿಕ್ಷಣ ಅವರಿಗೆ ಗೊತ್ತೇ ಇದೆ. ಅದನ್ನು ಕಡ್ಡಾಯ ಮಾಡುವ ನಿಯಮ ಬರಬೇಕು, ಮತ್ತು ಅದನ್ನು ಬರೆಯಬೇಕಾದವರು ಸಾರಿಗೆ ಇಲಾಖೆಯವರು.